ಆಗಸ್ಟ್ 1ರೊಳಗೆ ಬೋಟ್ ನೀರಿಗಿಳಿಯಬೇಕಿತ್ತು: ನಾನು ಮಾಡಿದ ಒಂದು ಮೆಡ್-ಆರ್ಬ್

ಕಾರವಾರದ ಇಬ್ಬರು ಪಾಲುದಾರರು ಮೇ ತಿಂಗಳ ಕೊನೆಗೆ ನನ್ನ ಆಫೀಸಿಗೆ ಬಂದರು. ಬೈತಖೋಲದಲ್ಲಿ ಅವರದ್ದೊಂದು ಟ್ರಾಲ್ ಬೋಟ್ ಇತ್ತು, ಸಮಪಾಲು. ಒಬ್ಬರು ಪಾಲುದಾರಿಕೆ ಬಿಟ್ಟು ಹೋಗುವವರು, ಇನ್ನೊಬ್ಬರು ಬೋಟ್ ಇಟ್ಟುಕೊಳ್ಳುವವರು. ಹೋಗುವವರ ಲೆಕ್ಕದಲ್ಲಿ ಬೋಟಿನ ಬೆಲೆ 48 ಲಕ್ಷ. ಉಳಿಯುವವರ ಲೆಕ್ಕದಲ್ಲಿ 30 ಲಕ್ಷ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಅಷ್ಟರೊಳಗೆ ತೀರ್ಮಾನ ಆಗದಿದ್ದರೆ ಹೊಸ ಸೀಸನ್ ಶುರುವಾದರೂ ಬೋಟ್ ದಡದಲ್ಲೇ ನಿಲ್ಲುತ್ತದೆ. "ವಕೀಲರೇ, ಮಾತಾಡಿ ಮುಗಿದ್ರೆ ಒಳ್ಳೇದು. ಮುಗೀದಿದ್ರೆ ನೀವೇ ಹೇಳಿಬಿಡಿ" ಅಂದರು ಉಳಿಯುವವರು. ಇನ್ನೊಬ್ಬರೂ ತಲೆಯಾಡಿಸಿದರು. ಅವರು ಹೆಸರು ಗೊತ್ತಿಲ್ಲದೆ ಕೇಳಿದ್ದು ಮೆಡ್-ಆರ್ಬ್ ಅನ್ನೇ: ಮೊದಲು ಮೀಡಿಯೇಶನ್, ಉಳಿದದ್ದಕ್ಕೆ ಆರ್ಬಿಟ್ರೇಶನ್. (ಕನ್ನಡದಲ್ಲಿ ಎರಡಕ್ಕೂ ಮಧ್ಯಸ್ಥಿಕೆ ಅಂತಲೇ ಹೇಳುವ ರೂಢಿ ಇದೆ. ಒಂದರಲ್ಲಿ ತೀರ್ಮಾನ ಪಾರ್ಟಿಗಳದ್ದು, ಇನ್ನೊಂದರಲ್ಲಿ ಕೂತವನದ್ದು. ಅದಕ್ಕೇ ಇಂಗ್ಲಿಷ್ ಹೆಸರನ್ನೇ ಇಟ್ಟುಕೊಂಡಿದ್ದೇನೆ.)

ನನಗೆ ಮಾತ್ರ ಹಿಂಜರಿಕೆ ಇತ್ತು. ಅದಕ್ಕೆ ಕಾರಣ ಶಿರಸಿಯ ಒಂದು ಹಳೆಯ ಅಡಿಕೆ ವ್ಯಾಪಾರದ ಜಗಳ. ಅಲ್ಲಿ ಮೀಡಿಯೇಶನ್ ಮಾಡುವಾಗ ಒಬ್ಬರನ್ನು ಬೇರೆಯಾಗಿ ಕೂರಿಸಿ ಮಾತಾಡಿಸಿದ್ದೆ. "3 ಲಕ್ಷ ಸಿಕ್ಕಿದ್ರೂ ಸಾಕು" ಅಂದಿದ್ದರು. ಹೊರಗೆ ಅವರು ಕೇಳುತ್ತಿದ್ದದ್ದು 7 ಲಕ್ಷ. ರಾಜಿ ಮುರಿಯಿತು. ಈಗ ನಾನೇ ತೀರ್ಪು ಕೊಡಬೇಕು. ಆ 3 ಲಕ್ಷವನ್ನು ಕೇಳಿಲ್ಲ ಅಂತ ಹೇಗೆ ಅಂದುಕೊಳ್ಳಲಿ? ಒಬ್ಬರಿಲ್ಲದಾಗ ಹೇಳಿದ ಮಾತಿಗೆ ಅವರಿಂದ ಉತ್ತರ ಕೊಡಿಸದೆ ತೀರ್ಪು ಬರೆದರೆ ಅದು ನ್ಯಾಯ ಅಲ್ಲ. ಅಂಥ ತೀರ್ಪನ್ನು ಕೋರ್ಟಿನಲ್ಲಿ ಪ್ರಶ್ನಿಸಲೂ ಬಹುದು. ನಾನು ಹಿಂದೆ ಸರಿದೆ. ಅವರಿಗೆ ತಿಂಗಳುಗಟ್ಟಲೆ ಸಮಯ ಹೋಯಿತು.

ಅದಕ್ಕೇ ಇಲ್ಲಿ ಮೊದಲ ದಿನವೇ ಒಂದು ಷರತ್ತು ಹಾಕಿದೆ: ಗುಟ್ಟಿನ ಮಾತು ಬೇಡ, ಎಲ್ಲವೂ ಇಬ್ಬರ ಎದುರೇ. ಇದಕ್ಕೆ ಬೆಲೆ ತೆರಬೇಕಾಯಿತು. ಕೂಗಾಟ ಜಾಸ್ತಿ ಆಯಿತು, ಮನಸ್ಸು ಬಿಚ್ಚುವುದು ಕಡಿಮೆ ಆಯಿತು. ಎದುರು ಕೂತವನೇ ನಾಳೆ ತೀರ್ಪು ಬರೆಯುತ್ತಾನೆ ಅಂತ ಗೊತ್ತಾದರೆ ಜನ ನನ್ನನ್ನು ಒಪ್ಪಿಸಲು ನೋಡುತ್ತಾರೆ. ಪರಸ್ಪರ ಮಾತಾಡುವುದು ನಿಲ್ಲುತ್ತದೆ. "ನೀವೇ ಹೇಳಿ, ಇದು ಸರಿನಾ?" ಅಂತ ಪದೇ ಪದೇ ನನ್ನ ಕಡೆ ತಿರುಗಿದರೆ ಮೀಡಿಯೇಶನ್ ಸೋರುತ್ತಿದೆ ಅಂತ ಅರ್ಥ. ಆಗ ನಾನು ಕಣ್ಣು ಕಾಗದದ ಮೇಲಿಟ್ಟು, "ಅವರಿಗೇ ಹೇಳಿ" ಅನ್ನುತ್ತಿದ್ದೆ.

ಕಾಗದದ ಕ್ರಮವನ್ನೂ ಬೇಕೆಂದೇ ಹೀಗೆ ಇಟ್ಟೆ. ಮೊದಲು ಆರ್ಬಿಟ್ರೇಶನ್ ಒಪ್ಪಂದ ಬರೆಸಿ ಸಹಿ ಹಾಕಿಸಿದೆ, ನಂತರ ಆರ್ಬಿಟ್ರೇಶನ್ ಶುರು ಮಾಡಿದೆ. ಆಮೇಲೆ ಇಬ್ಬರ ಒಪ್ಪಿಗೆಯಿಂದ ಮೀಡಿಯೇಶನ್‌ಗೆ ಕೂತೆವು. 1996ರ ಆರ್ಬಿಟ್ರೇಶನ್ ಕಾಯಿದೆಯ 30ನೇ ಸೆಕ್ಷನ್ ಇದಕ್ಕೆ ಅವಕಾಶ ಕೊಡುತ್ತದೆ. ಹೀಗೆ ಆದ ರಾಜಿಯನ್ನು ತೀರ್ಪಿನ ರೂಪದಲ್ಲೇ ಬರೆಯಬಹುದು, ಅದಕ್ಕೆ ಬೇರೆ ಯಾವುದೇ ಆರ್ಬಿಟ್ರೇಶನ್ ತೀರ್ಪಿನಷ್ಟೇ ಬಲ.

ಬೆಲೆಯ ಗಂಟು ಬಿಚ್ಚಿದ್ದು ನ್ಯೂಟ್ರಲ್ ಇವ್ಯಾಲ್ಯುಯೇಶನ್‌ನಿಂದ. ಬೋಟ್ ಕಟ್ಟಿ ಅನುಭವ ಇರುವ ಒಬ್ಬ ಹಿರಿಯರನ್ನು ಇಬ್ಬರೂ ಸೇರಿ ಆರಿಸಿದರು, ಫೀಸನ್ನು ಅರ್ಧ ಅರ್ಧ ಕೊಟ್ಟರು. ಅವರು ತಳದ ಹಲಗೆ, ಇಂಜಿನ್, ವಿಂಚ್ ಎಲ್ಲ ನೋಡಿ 36ರಿಂದ 39 ಲಕ್ಷ ಅಂದರು. ಇದು ಕಟ್ಟುಪಾಡಲ್ಲ, ಬರೀ ಅಭಿಪ್ರಾಯ. ಆದರೆ ಇಬ್ಬರ ಮನಸ್ಸಿನಲ್ಲಿದ್ದ ಅಂಕಿ ಅಲ್ಲೇ ಕುಸಿಯಿತು. ಎರಡು ಸಿಟ್ಟಿಂಗ್ ಆದ ಮೇಲೆ ಹೋಗುವವರ ಅರ್ಧ ಪಾಲು 18.50 ಲಕ್ಷ ಅಂತ ಒಪ್ಪಿದರು. ಬಲೆ, ಖಲಾಸಿಗಳಿಗೆ ಕೊಟ್ಟ ಮುಂಗಡ ಇತ್ಯಾದಿಯೂ ಅಲ್ಲೇ ತೀರಿತು.

ಉಳಿದದ್ದು ಒಂದೇ, 4.20 ಲಕ್ಷದ ಇಂಜಿನ್ ರಿಪೇರಿ. ಉಳಿಯುವವರು ಕೈಯಿಂದ ಕೊಟ್ಟಿದ್ದರು, ಅರ್ಧ ಕೇಳಿದರು. "ನೀರು ಸೋರ್ತಿದೆ ಅಂತ ಹೇಳಿದ್ರೂ ಓಡಿಸಿದ್ದು ಅವರ ತಾಂಡೇಲ" ಅಂದರು ಹೋಗುವವರು.

ಇಲ್ಲಿ ಮೀಡಿಯೇಶನ್ ಮುಗಿಯಿತು ಅಂತ ಬರೆದು ಸಹಿ ಮಾಡಿಸಿದೆ. ಆಮೇಲೆ ಇನ್ನೊಮ್ಮೆ ಕೇಳಿದೆ: "ಈಗಲೂ ನಾನೇ ತೀರ್ಪು ಕೊಡಬೇಕಾ, ಬೇರೆಯವರು ಬೇಕಾ?" ಈ ಎರಡನೇ ಒಪ್ಪಿಗೆಯನ್ನು ಯಾರೂ ಬಿಡಬಾರದು. ಮೊದಲ ದಿನ ಒಪ್ಪಿದವರಿಗೆ ನನ್ನ ಮೇಲಿನ ನಂಬಿಕೆ ಆಮೇಲೆ ಹೋಗಿರಬಹುದು, ಅಲ್ವಾ? ಇಬ್ಬರೂ ನಾನೇ ಅಂದರು. ಮುಚ್ಚಿದ ಲಕೋಟೆಯಲ್ಲಿ ಇಬ್ಬರೂ ಒಂದೊಂದು ಅಂಕಿ ಕೊಡಬೇಕು, ನಾನು ಎರಡರಲ್ಲಿ ಒಂದನ್ನೇ ಆರಿಸಬೇಕು, ಮಧ್ಯದ್ದಕ್ಕೆ ಹೋಗುವಂತಿಲ್ಲ ಅಂತ ಗೊತ್ತುಮಾಡಿದೆವು. ಈ ನಿಯಮ ಇದ್ದರೆ ಅತಿಯಾಗಿ ಕೇಳುವವರೇ ಸೋಲುತ್ತಾರೆ. ಅದಕ್ಕೇ ಅಂಕಿಗಳು ಹತ್ತಿರ ಬರುತ್ತವೆ. ಉಳಿಯುವವರು 1.80 ಲಕ್ಷ ಬರೆದಿದ್ದರು, ಹೋಗುವವರು 1.10 ಲಕ್ಷ. ಬಿಲ್‌ಗಳಲ್ಲಿ ಸುಮಾರು 2 ಲಕ್ಷ ಮಾಮೂಲಿ ಓವರ್‌ಹಾಲಿಂಗ್‌ದು. ಉಳಿದದ್ದು ಸೋರಿಕೆ ಗೊತ್ತಿದ್ದೂ ಓಡಿಸಿದ್ದರಿಂದ ಆದ ಹಾನಿ. ಓವರ್‌ಹಾಲಿಂಗ್‌ನ ಅರ್ಧ ಸುಮಾರು 1 ಲಕ್ಷ ಆಗುತ್ತದೆ, ಹಾಗಾಗಿ 1.10ನ್ನು ಆರಿಸಿದೆ. ಕೊನೆಗೆ ಹೋಗುವವರ ಕೈಗೆ 17.40 ಲಕ್ಷ.

ಬೋಟಿನ ಮೇಲೆ ಬ್ಯಾಂಕ್ ಸಾಲ ಬಾಕಿ ಇದ್ದಿದ್ದರೆ ಈ ದಾರಿ ಹಿಡಿಯುತ್ತಿರಲಿಲ್ಲ. ನಮ್ಮ ಒಪ್ಪಂದ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಒಬ್ಬರಿಗೆ ಇನ್ನೊಬ್ಬರ ಭಯ ಇದ್ದರೂ ಬೇಡ ಅನ್ನುತ್ತೇನೆ, ಯಾಕೆಂದರೆ ಎಲ್ಲರ ಎದುರೇ ಮಾತಾಡುವ ಪದ್ಧತಿಯಲ್ಲಿ ಹೆದರಿದವರು ಸುಮ್ನೆ ಒಪ್ಪಿಬಿಡುತ್ತಾರೆ. ಅಂಥ ಕಡೆ ಮೀಡಿಯೇಟರ್ ಒಬ್ಬರು, ಆರ್ಬಿಟ್ರೇಟರ್ ಬೇರೊಬ್ಬರು ಇರಲಿ. ಖರ್ಚು ಸ್ವಲ್ಪ ಜಾಸ್ತಿ ಆಗುತ್ತದೆ, ಆದರೂ ಅದೇ ಸರಿ.

ಹಣ ಕೈಸೇರಿದ ದಿನವೇ ಮೀನುಗಾರಿಕೆ ಇಲಾಖೆಯ ವರ್ಗಾವಣೆ ಕಾಗದಗಳಿಗೆ ಸಹಿ ಹಾಕಬೇಕು ಅಂತ ತೀರ್ಪಿನಲ್ಲೇ ಬರೆದಿದ್ದೆ. ಜುಲೈ ಮೂರನೇ ವಾರದಲ್ಲಿ ಎರಡೂ ಒಟ್ಟಿಗೇ ಆಯಿತು.