ಮೂರು ದಿನದ ಹಕ್ಕು: ಮೇಲುಕೋಟೆಯನ್ನು ತರಗತಿಯಲ್ಲಿ ಓದಿಸಿದ ನನ್ನ ಅನುಭವ

ಮಂಡ್ಯದ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ಇತಿಹಾಸ ಉಪನ್ಯಾಸಕ. ಧರ್ಮದ ಒಳಗಿನಿಂದಲೇ ಜಾತಿಯನ್ನು ಪ್ರಶ್ನಿಸಿದ ಚಳವಳಿಗಳ ಪಾಠವನ್ನು ನಾವು ಸಾಮಾನ್ಯವಾಗಿ ಕಲ್ಯಾಣದ ಶರಣರಿಂದ ಆರಂಭಿಸುತ್ತೇವೆ. ನಾನು ಅದನ್ನು ಮೇಲುಕೋಟೆಯಿಂದ ಆರಂಭಿಸಲು ನಿರ್ಧರಿಸಿದೆ, ಏಕೆಂದರೆ ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ವೈರಮುಡಿ ಉತ್ಸವಕ್ಕೆ ಅಪ್ಪ ಅಮ್ಮನ ಜೊತೆ ಹೋಗಿ ಬಂದವರು. ಬೆಟ್ಟ, ಕಲ್ಯಾಣಿ, ಚೆಲುವನಾರಾಯಣನ ಗುಡಿ ಅವರಿಗೆ ಕಣ್ಣಿಗೆ ಕಟ್ಟಿದಂತಿರುತ್ತವೆ.

ಮೊದಲ ವರ್ಷ ಆ ಕಥೆಯನ್ನು ನಾನು ಕೇಳಿಕೊಂಡು ಬಂದ ಹಾಗೆಯೇ ಹೇಳಿದೆ. ಚೋಳ ದೊರೆಯ ಕಿರುಕುಳದಿಂದ ಹೊಯ್ಸಳ ನಾಡಿಗೆ ಬಂದ ರಾಮಾನುಜಾಚಾರ್ಯರು ತೊಣ್ಣೂರಿನಲ್ಲಿ ನೆಲೆಸಿ, ಮೇಲುಕೋಟೆಯಲ್ಲಿ ಪೂಜೆಯನ್ನು ಮತ್ತೆ ನೆಲೆಗೊಳಿಸಿದರು. ದೆಹಲಿಯ ಸುಲ್ತಾನನ ಅರಮನೆಯಲ್ಲಿದ್ದ ಉತ್ಸವಮೂರ್ತಿ ಚೆಲ್ಲಪಿಳ್ಳೆಯನ್ನು ಅವರು ಮರಳಿ ತರುವಾಗ, ಅಸ್ಪೃಶ್ಯರೆಂದು ಊರಾಚೆ ಇಡಲ್ಪಟ್ಟಿದ್ದ ಜನ ಅವರಿಗೆ ನೆರವಾದರು. ಆ ಉಪಕಾರಕ್ಕೆ ಪ್ರತಿಯಾಗಿ ಆಚಾರ್ಯರು ಅವರನ್ನು ‘ತಿರುಕುಲ’, ಅಂದರೆ ಶ್ರೀಕುಲ, ಎಂದು ಕರೆದು, ವರ್ಷದಲ್ಲಿ ಮೂರು ದಿನ ದೇವಾಲಯದೊಳಗೆ ಬರುವ ಹಕ್ಕು ಕೊಟ್ಟರು. ಹನ್ನೆರಡನೆಯ ಶತಮಾನದಲ್ಲಿ ಇದು ಎಂಥ ಹೆಜ್ಜೆ ಎಂದು ನಾನು ತುಂಬು ದನಿಯಲ್ಲಿ ಹೇಳಿ ಮುಗಿಸಿದಾಗ, ಕಿಟಕಿ ಪಕ್ಕದ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಉಳಿದ 362 ದಿನ ಅವರು ಎಲ್ಲಿ ನಿಲ್ತಿದ್ರು?” ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಮರುವರ್ಷದಿಂದ ಇಡೀ ಪಾಠವನ್ನು ಆ ಪ್ರಶ್ನೆಯ ಸುತ್ತಲೇ ಕಟ್ಟುತ್ತಾ ಬಂದಿದ್ದೇನೆ.

ಈಗ ನಾನು ಇದಕ್ಕೆ ನಾಲ್ಕು ತರಗತಿಗಳನ್ನು ತೆಗೆದುಕೊಳ್ಳುತ್ತೇನೆ. ಮೊದಲನೆಯದರಲ್ಲಿ ಕಥೆಯನ್ನು ಪೂರ್ತಿ ಹೇಳಿ, ಕಪ್ಪುಹಲಗೆಯ ಮೇಲೆ ಎರಡು ಇಸವಿಗಳನ್ನು ಮಾತ್ರ ಬರೆಯುತ್ತೇನೆ. ಸಂಪ್ರದಾಯ ಹೇಳುವಂತೆ ರಾಮಾನುಜರು ತೀರಿಕೊಂಡದ್ದು 1137ರಲ್ಲಿ. ದೆಹಲಿಯಲ್ಲಿ ಸುಲ್ತಾನರ ಆಳ್ವಿಕೆ ಆರಂಭವಾದದ್ದು 1206ರಲ್ಲಿ. ಸ್ವಲ್ಪ ಹೊತ್ತಿನಲ್ಲೇ ಯಾರಾದರೊಬ್ಬರು ಎರಡರ ನಡುವಿನ ಅಂತರವನ್ನು ಕಂಡುಹಿಡಿಯುತ್ತಾರೆ. ಆಗ ತರಗತಿ ಒಂದೇ ಸಲಕ್ಕೆ “ಹಾಗಾದರೆ ಎಲ್ಲ ಸುಳ್ಳು” ಎನ್ನುವ ಕಡೆಗೆ ವಾಲುತ್ತದೆ, ಮತ್ತು ಈ ಪಾಠ ದಾರಿ ತಪ್ಪುವ ಮೊದಲ ತಾಣ ಇದೇ. ಕಥೆಯಲ್ಲಿ ಹೇಳಿದ ಹಾಗೆ ಘಟನೆ ನಡೆದಿರಲಾರದು ಎಂಬುದು ನಿಜ. 1311ರಲ್ಲಿ ದೆಹಲಿಯ ಸೇನಾಪತಿ ಮಲಿಕ್ ಕಾಫರ್ ಹೊಯ್ಸಳರ ರಾಜಧಾನಿ ದೋರಸಮುದ್ರದ ಮೇಲೆ ದಂಡೆತ್ತಿ ಬಂದಂಥ ನಂತರದ ಕಾಲದ ನೆನಪುಗಳು ಇದರಲ್ಲಿ ಬೆರೆತಿರಬಹುದು. ಆದರೆ ಮೂರು ದಿನದ ಪ್ರವೇಶ ಕಟ್ಟುಕಥೆಯಲ್ಲ, ಅದು ಬಳಕೆಯಲ್ಲಿದ್ದ ಹಕ್ಕು. ಬೇರೆ ಹೆಚ್ಚಿನ ಕಡೆ ಇಲ್ಲದ ಹಕ್ಕೊಂದು ಒಂದು ಊರಿನ ಜನಕ್ಕೆ ಇದ್ದಾಗ, ಅದು ಏಕಿದೆ ಎಂದು ಹೇಳಲು ಒಂದು ಕಥೆ ಬೇಕಾಗುತ್ತದೆ. ಹಕ್ಕನ್ನು ಉಳಿಸಿಕೊಳ್ಳಬೇಕಾದವರಿಗೆ ಆ ಕಥೆಯೇ ಹಕ್ಕುಪತ್ರ. ರೈತರ ಮಕ್ಕಳಿಗೆ ಪಹಣಿಯ ಮಾತು ತೆಗೆದರೆ ಇದು ಬೇಗ ಅರ್ಥವಾಗುತ್ತದೆ.

ಎರಡನೆಯ ತರಗತಿಯಲ್ಲಿ ಆ ಹಕ್ಕು ಎಲ್ಲಿಯವರೆಗೆ ಎಂಬುದನ್ನು ನೋಡುತ್ತೇವೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿನ ಮೈಸೂರು ಸಂಸ್ಥಾನದ ಸರ್ಕಾರಿ ವರದಿಗಳಲ್ಲಿ ತಿರುಕುಲದವರ ಬಗ್ಗೆ ಬರೆದಿರುವುದನ್ನು ನಾನು ಕನ್ನಡದಲ್ಲಿ ಹೇಳುತ್ತೇನೆ. 1799ರಲ್ಲಿ ದಿವಾನರು ಅಲ್ಲಿಗೆ ಭೇಟಿ ಕೊಟ್ಟಾಗ ತಿರುಕುಲದವರ ಪ್ರವೇಶವನ್ನು ಧ್ವಜಸ್ತಂಭದ ಬಳಿಗೇ ನಿಲ್ಲಿಸಲಾಯಿತು, ಆಮೇಲೆ ಅಲ್ಲಿಂದಲೇ ದೇವರನ್ನು ನೋಡಬೇಕಾಯಿತು, ಆದರೆ ತೇರಿನ ದಿನ ಎಲ್ಲರ ಜೊತೆ ಹಗ್ಗ ಹಿಡಿದು ಎಳೆಯುವ ಹಕ್ಕು ಉಳಿಯಿತು ಎಂದು ಆ ವರದಿಗಳು ಹೇಳುತ್ತವೆ. ನನ್ನ ಮಟ್ಟಿಗೆ ಇಡೀ ಪಾಠದ ತಿರುಳು ಇಲ್ಲಿದೆ. ಸುಧಾರಣೆ ಎಂದರೆ ಒಮ್ಮೆ ಮುಂದೆ ಹೋದರೆ ಹಾಗೆಯೇ ನಿಲ್ಲುವಂಥದು ಎಂದು ಮಕ್ಕಳು ನಂಬಿರುತ್ತಾರೆ. ಗುರುವಿನ ಹೆಸರಿನಲ್ಲಿ ಸಿಕ್ಕ ಹಕ್ಕನ್ನು ಏಳು ಶತಮಾನಗಳಾದ ಮೇಲೆ ಒಬ್ಬ ಅಧಿಕಾರಿಯ ಮಾತು ಕೆಲವು ಮಾರು ಹಿಂದಕ್ಕೆ ತಳ್ಳಬಹುದಾಗಿತ್ತು ಎಂಬುದು ಅವರನ್ನು ಕಲಕುತ್ತದೆ, ಕಲಕಬೇಕು ಕೂಡ.

ಅದಕ್ಕೇ ಮೂರನೆಯ ತರಗತಿಯನ್ನು ಸಾಧ್ಯವಾದಾಗಲೆಲ್ಲ ಮೇಲುಕೋಟೆಯಲ್ಲೇ ನಡೆಸುತ್ತೇನೆ. ದರ್ಶನ ಮುಗಿದ ಮೇಲೆ ಧ್ವಜಸ್ತಂಭದ ಹತ್ತಿರ ಎಲ್ಲರನ್ನೂ ಐದು ನಿಮಿಷ ಸುಮ್ಮನೆ ನಿಲ್ಲಿಸಿ, ಒಳಗೆ ಏನು ಕಾಣುತ್ತದೆ, ಏನು ಕೇಳುತ್ತದೆ ಎಂಬುದನ್ನಷ್ಟೇ ಬರೆಯಿರಿ ಎನ್ನುತ್ತೇನೆ. ಬಿಸಿಲಿನಿಂದ ಕತ್ತಲೆಯತ್ತ ನೋಡಿದಾಗ ದೀಪದ ಒಂದು ಚುಕ್ಕಿ ಮಾತ್ರ ಕಂಡಿತೆಂದೂ, ಗಂಟೆಯ ಸದ್ದು ಮಾತ್ರ ಚೆನ್ನಾಗಿ ಕೇಳಿತೆಂದೂ ಒಬ್ಬ ಹುಡುಗ ಬರೆದಿದ್ದ. ಅವನ ಆ ಎರಡು ಸಾಲುಗಳನ್ನು ನಾನು ಇಂದಿಗೂ ಇಟ್ಟುಕೊಂಡಿದ್ದೇನೆ.

ನಾಲ್ಕನೆಯ ತರಗತಿ ರಾಮಾನುಜರ ಶ್ರೀವೈಷ್ಣವ ಸಂಪ್ರದಾಯದ ಒಳಗಿನ ವಾದಕ್ಕೆ ಮೀಸಲು. ಕಾಂಚೀಪೂರ್ಣರು ಬ್ರಾಹ್ಮಣರಲ್ಲದಿದ್ದರೂ ಯುವಕ ರಾಮಾನುಜರು ಅವರನ್ನು ಗುರುವೆಂದು ಬಗೆದು ಊಟಕ್ಕೆ ಕರೆದರೆಂದೂ, ಅವರು ಉಂಡ ಎಲೆಯಲ್ಲಿ ಮಿಕ್ಕಿದ್ದನ್ನು ಪ್ರಸಾದವೆಂದು ಉಣ್ಣುವ ಆಸೆ ಇಟ್ಟುಕೊಂಡಿದ್ದರೆಂದೂ ಗುರುಪರಂಪರೆಯ ಕಥೆಗಳು ಹೇಳುತ್ತವೆ. ರಾಮಾನುಜರು ಹೊರಗೆ ಹೋಗಿದ್ದಾಗ ಅತಿಥಿ ಬಂದು ಉಂಡು ಹೋದರು. ರಾಮಾನುಜರ ಹೆಂಡತಿ ಎಲೆ ಬಿಸಾಡಿ, ನೆಲ ಸಾರಿಸಿ, ಸ್ನಾನ ಮಾಡಿ, ಗಂಡನಿಗೆ ಬೇರೆ ಅಡುಗೆ ಮಾಡಿದರು. ಈ ಕಥೆಯಲ್ಲಿ ತಪ್ಪನ್ನೆಲ್ಲ ಆ ಹೆಣ್ಣುಮಗಳ ತಲೆಗೆ ಕಟ್ಟಲಾಗಿದೆ ಎಂದು ನಾನು ಮಕ್ಕಳಿಗೆ ಹೇಳಿಯೇ ಹೇಳುತ್ತೇನೆ, ಏಕೆಂದರೆ ಆಕೆ ಮಾಡಿದ್ದು ಆ ಕಾಲದಲ್ಲಿ ಎಲ್ಲ ಮನೆಗಳಲ್ಲಿ ನಡೆಯುತ್ತಿದ್ದದ್ದನ್ನೇ. ಮುಂದೆ ಇದೇ ಸಂಪ್ರದಾಯದಲ್ಲಿ ಪಿಳ್ಳೈ ಲೋಕಾಚಾರ್ಯರು ಭಕ್ತನ ಹುಟ್ಟನ್ನು ಕೆದಕಿ ನೋಡುವುದೇ ದೊಡ್ಡ ಅಪರಾಧ ಎಂದರು. ವೇದಾಂತ ದೇಶಿಕರು ಯಾವ ಜಾತಿಯ ಭಕ್ತನಾದರೂ ಗೌರವಕ್ಕೆ ಅರ್ಹನೆಂದು ಒಪ್ಪಿದರೂ, ಹುಟ್ಟಿನಿಂದ ಬಂದ ಜಾತಿ ಮತ್ತು ಅದರ ಧರ್ಮಗಳು ಭಕ್ತಿಯಿಂದ ಅಳಿಯುವುದಿಲ್ಲವೆಂದರು. ತರಗತಿಯನ್ನು ಎರಡು ಪಾಲು ಮಾಡಿ, ಮೂರು ದಿನದ ಹಕ್ಕನ್ನು ಈ ಇಬ್ಬರೂ ಹೇಗೆ ಸಮರ್ಥಿಸಬಹುದಿತ್ತು ಎಂದು ಕೇಳುತ್ತೇನೆ. ಲೋಕಾಚಾರ್ಯರ ಪರ ವಾದಿಸುವವರಿಗೇ ಉತ್ತರ ಕಷ್ಟವಾಗುತ್ತದೆ; ಭಕ್ತನ ಹುಟ್ಟನ್ನು ನೋಡಬಾರದು ಎಂದ ಮೇಲೆ ಮೂರೇ ದಿನ ಎಂಬ ಮಿತಿಗೆ ಅವರ ಬಳಿ ಕಾರಣವೇ ಉಳಿಯುವುದಿಲ್ಲ.

ನನ್ನಿಂದ ಆದ ಒಂದು ತಪ್ಪನ್ನೂ ಇಲ್ಲಿ ಹೇಳಬೇಕು. ಒಂದು ವರ್ಷ, ನಿಮ್ಮ ಮನೆಯ ಹಿರಿಯರನ್ನು ಗುಡಿಯೊಳಗೆ ಎಲ್ಲಿಯವರೆಗೆ ಬಿಡುತ್ತಿದ್ದರು ಎಂದು ಕೇಳಿಕೊಂಡು ಬಂದು ತರಗತಿಯಲ್ಲಿ ಓದಿರಿ ಎಂದಿದ್ದೆ. ಅದು ಮಕ್ಕಳಿಂದ ಎಲ್ಲರೆದುರು ಜಾತಿ ಹೇಳಿಸಿದಂತೆಯೇ ಆಯಿತು. ಇಬ್ಬರು ಮರುದಿನ ಬರಲಿಲ್ಲ. ಮತ್ತೊಬ್ಬ ಎಂದೂ ನಡೆಯದ ಕಥೆಯನ್ನು ಕಟ್ಟಿಕೊಂಡು ಬಂದು ಓದಿದ, ಅವನ ದನಿಯಿಂದಲೇ ಅದು ನನಗೆ ತಿಳಿಯಿತು. ಈಗ ಆ ಪ್ರಶ್ನೆಯನ್ನು ಊರಿನ ಬಗ್ಗೆ ಕೇಳುತ್ತೇನೆ, ಮನೆಯ ಬಗ್ಗೆ ಅಲ್ಲ. ಉತ್ತರವನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಕೊಡಲು ಹೇಳಿ, ನಾನೊಬ್ಬನೇ ಓದುತ್ತೇನೆ.

ಕೊನೆಯ ಇಪ್ಪತ್ತು ನಿಮಿಷ ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನದ 17ನೆಯ ವಿಧಿಗೆ ಮತ್ತು ಹಿಂದೂಗಳ ಸಾರ್ವಜನಿಕ ದೇವಾಲಯಗಳನ್ನು ಎಲ್ಲ ವರ್ಗದ ಹಿಂದೂಗಳಿಗೂ ತೆರೆಯಲು ಕಾನೂನು ಮಾಡಲು ಅವಕಾಶ ಕೊಡುವ 25(2)(ಬಿ) ವಿಧಿಗೆ. ತಿರುಕುಲದವರ ಹಕ್ಕು ಒಂದು ಉಪಕಾರಕ್ಕೆ ಪ್ರತಿಯಾಗಿ, ಒಂದು ಊರಿನಲ್ಲಿ, ಎಣಿಸಿದ ದಿನಗಳಿಗೆ ಸಿಕ್ಕದ್ದು; ಸಂವಿಧಾನದ ಹಕ್ಕಿಗೆ ಯಾರೂ ಯಾವ ಉಪಕಾರವನ್ನೂ ಮಾಡಿರಬೇಕಾಗಿಲ್ಲ. ಈ ವ್ಯತ್ಯಾಸವನ್ನು ತಮ್ಮ ಮಾತಿನಲ್ಲಿ ಬರೆಯಲು ಹೇಳಿದಾಗ, ಮೊದಲ ವರ್ಷ ಪ್ರಶ್ನೆ ಕೇಳಿದ್ದ ಆ ಹುಡುಗಿಯ ತಂಗಿ ಕಳೆದ ವರ್ಷ ಹೀಗೆ ಬರೆದಳು: “ಆಗ ಅವರು ಗುಡಿಗೆ ಹೋಗಲು ದೇವರನ್ನು ಹೊತ್ತು ತರಬೇಕಾಯಿತು. ಈಗ ಬಸ್ಸಿನ ಟಿಕೆಟ್ ಸಾಕು.”