ಆಗಸ್ಟ್‌ನಲ್ಲಿ ಕೆಲಸಕ್ಕೆ ಸೇರಿದರೆ ಈ ವರ್ಷಕ್ಕೆ ಎಷ್ಟು ರಜೆ?

ನಮ್ಮಕ್ಕನ ಮಗಳು ಹೋದ ವರ್ಷ ಹುಬ್ಬಳ್ಳಿಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. 2025ರ ಆಗಸ್ಟ್ 18, ಸೋಮವಾರ. ಮೊದಲ ತಿಂಗಳಲ್ಲೇ ಫೋನ್ ಮಾಡಿ ಕೇಳಿದ್ದು ಸಂಬಳದ ವಿಷಯವಲ್ಲ. "ಮಾವ, ನಂಗೆ ಈ ವರ್ಷ ಇ.ಎಲ್. ಎಷ್ಟು ಬರುತ್ತೆ? ಇಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ." ಇ.ಎಲ್. ಅಂದರೆ ಗಳಿಕೆ ರಜೆ. ಒಬ್ಬರು ಪ್ರೊಬೇಷನ್ ಮುಗಿಯುವವರೆಗೆ ಇ.ಎಲ್. ಇಲ್ಲವೇ ಇಲ್ಲ ಅಂದಿದ್ದರಂತೆ. ಇನ್ನೊಬ್ಬರು ವರ್ಷಕ್ಕೆ 30, ಹಾಗಾಗಿ ದಿನ ಎಣಿಸಿ 365ರಿಂದ ಭಾಗಿಸು ಅಂದಿದ್ದರಂತೆ. ಎರಡೂ ತಪ್ಪು.

ಈ ಲೆಕ್ಕ ನಡೆಯುವುದು ಕೇಂದ್ರ ನಾಗರಿಕ ಸೇವಾ ರಜಾ ನಿಯಮಗಳು, 1972ರ ಪ್ರಕಾರ. ರೈಲ್ವೆಗೆ ಮತ್ತು ಬ್ಯಾಂಕುಗಳಿಗೆ ಬೇರೆ ನಿಯಮಗಳಿವೆ. ಬೇಸಿಗೆ ರಜೆ ಇರುವ ಶಾಲೆಗಳ ಶಿಕ್ಷಕರ ಲೆಕ್ಕವೂ ಬೇರೆ. ಇಲ್ಲಿ ಹೇಳುತ್ತಿರುವುದು ಮಾಮೂಲಿ ಕೇಂದ್ರ ಸರ್ಕಾರಿ ಕಚೇರಿಯ ನೌಕರರ ಮಾತು.

ಮೊದಲು ತಿಳಿಯಬೇಕಾದ್ದು: ರಜೆ ಮುಂಗಡ ಬರುತ್ತದೆ

ಗಳಿಕೆ ರಜೆ ಅನ್ನೋ ಹೆಸರು ಕೇಳಿದರೆ ದುಡಿದ ಮೇಲೆ ಸಿಗೋದು ಅನಿಸುತ್ತದೆ. ಆದರೆ ಖಾತೆಯಲ್ಲಿ ಆಗುವುದು ಉಲ್ಟಾ. ವರ್ಷವನ್ನು ಎರಡು ಭಾಗ ಮಾಡಿದ್ದಾರೆ, ಜನವರಿಯಿಂದ ಜೂನ್ ಮತ್ತು ಜುಲೈಯಿಂದ ಡಿಸೆಂಬರ್. ಜನವರಿ 1ಕ್ಕೆ 15 ದಿನ, ಜುಲೈ 1ಕ್ಕೆ 15 ದಿನ ಇ.ಎಲ್. ಮುಂಚೆಯೇ ಜಮಾ ಆಗುತ್ತದೆ. ಜೊತೆಗೆ ಅರ್ಧ ವೇತನ ರಜೆ, ಅಂದರೆ ಎಚ್.ಪಿ.ಎಲ್., ಅದೇ ಎರಡು ದಿನಗಳಲ್ಲಿ 10, 10.

ಹಾಗಾಗಿ ನಿಮ್ಮ ಸೇವೆಯ ಮೊದಲ ವರ್ಷ ಯಾವಾಗ ಮುಗಿಯುತ್ತದೆ ಅನ್ನುವುದಕ್ಕೂ ಈ ಲೆಕ್ಕಕ್ಕೂ ಸಂಬಂಧವಿಲ್ಲ. ನಮ್ಮ ಹುಡುಗಿಗೆ ಆಗಸ್ಟ್ 18ರಿಂದ ಮುಂದಿನ ಆಗಸ್ಟ್ 17ರವರೆಗೆ ಅಂತ ಒಂದು ವರ್ಷ ತಲೆಯಲ್ಲಿತ್ತು. ರಜಾ ಖಾತೆಗೆ ಆ ವರ್ಷ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ಅವಳು ಸೇರಿದ ಅರ್ಧ ವರ್ಷ ಮಾತ್ರ.

ಪ್ರೊಬೇಷನ್ ವಿಷಯವನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಪ್ರೊಬೇಷನ್‌ನಲ್ಲಿ ಇರುವವರಿಗೂ ಈ ನಿಯಮಗಳ ರಜೆ ಉಂಟು. ರಜೆಯನ್ನು ಹಕ್ಕು ಅಂತ ಕೇಳುವ ಹಾಗಿಲ್ಲ, ಕೆಲಸ ಜಾಸ್ತಿ ಇದ್ದರೆ ಅಧಿಕಾರಿ ಬೇಡ ಅನ್ನಬಹುದು. ಆದರೆ ಕೊಡದೆ ಇರುವುದು ಬೇರೆ, ಖಾತೆಗೆ ಜಮಾ ಮಾಡದೆ ಇರುವುದು ಬೇರೆ.

ಸೇರಿದ ಅರ್ಧ ವರ್ಷಕ್ಕೆ: ಪೂರ್ತಿ ತಿಂಗಳು ಎಣಿಸಿ

ಅರ್ಧ ವರ್ಷದ ನಡುವೆ ಸೇರಿದವರಿಗೆ 15 ಸಿಗುವುದಿಲ್ಲ. ಆ ಅರ್ಧ ವರ್ಷದಲ್ಲಿ ಅವರು ಮಾಡಲಿರುವ ಪ್ರತಿ ಪೂರ್ತಿ ಕ್ಯಾಲೆಂಡರ್ ತಿಂಗಳ ಕೆಲಸಕ್ಕೆ ಎರಡೂವರೆ ದಿನ ಇ.ಎಲ್. ಸಿಗುತ್ತದೆ. ಎಚ್.ಪಿ.ಎಲ್. ಆದರೆ ಪ್ರತಿ ಪೂರ್ತಿ ತಿಂಗಳಿಗೆ ಐದನ್ನು ಮೂರರಿಂದ ಭಾಗಿಸಿದಷ್ಟು, ಹತ್ತಿರ ಹತ್ತಿರ ಒಂದೂ ಮುಕ್ಕಾಲು ದಿನ.

ಇಲ್ಲಿ ಎಲ್ಲರೂ ಎಡವುವುದು "ಪೂರ್ತಿ ಕ್ಯಾಲೆಂಡರ್ ತಿಂಗಳು" ಅನ್ನುವ ಮಾತಿನಲ್ಲಿ. ಆಗಸ್ಟ್ 18ರಿಂದ ಸೆಪ್ಟೆಂಬರ್ 17 ಒಂದು ತಿಂಗಳಾಯಿತು ಅಂತ ಎಣಿಸುವ ಹಾಗಿಲ್ಲ. 1ನೇ ತಾರೀಖಿನಿಂದ ಕೊನೆಯ ತಾರೀಖಿನವರೆಗೆ ಸೇವೆಯಲ್ಲಿದ್ದರೆ ಮಾತ್ರ ಅದು ಪೂರ್ತಿ ತಿಂಗಳು. ಹಾಗಾಗಿ ಅವಳ ಆಗಸ್ಟ್ ಲೆಕ್ಕಕ್ಕಿಲ್ಲ. ಉಳಿದದ್ದು ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್. ನಾಲ್ಕು ತಿಂಗಳು.

ಇ.ಎಲ್.: 4 × 2.5 = 10 ದಿನ.
ಎಚ್.ಪಿ.ಎಲ್.: 4 × 5 ÷ 3 = 6.67, ಅಂದರೆ 7 ದಿನ.

ಭಿನ್ನರಾಶಿ ಬಂದರೆ ಹತ್ತಿರದ ಪೂರ್ಣ ದಿನಕ್ಕೆ ಸರಿಮಾಡುತ್ತಾರೆ. ಇ.ಎಲ್. ಲೆಕ್ಕದಲ್ಲಿ ಇದು ನೌಕರರ ಕಡೆಗೇ ವಾಲುತ್ತದೆ, ಯಾಕೆಂದರೆ ಅಲ್ಲಿ ಬರುವ ಭಿನ್ನ ಯಾವಾಗಲೂ ಅರ್ಧವೇ. ಮೂರು ತಿಂಗಳಿಗೆ ಏಳೂವರೆ ಬಂದರೆ 8, ಐದು ತಿಂಗಳಿಗೆ ಹನ್ನೆರಡೂವರೆ ಬಂದರೆ 13. ಎಚ್.ಪಿ.ಎಲ್.ನಲ್ಲಿ ಹಾಗಲ್ಲ, ಒಮ್ಮೆ ಮೇಲೆ ಹೋಗುತ್ತದೆ, ಒಮ್ಮೆ ಕೆಳಗೆ. ಐದು ತಿಂಗಳಿಗೆ 8.33 ಬರುತ್ತದೆ, ಸಿಗುವುದು 8. ತಿಂಗಳಿಂದ ತಿಂಗಳಿಗೆ ಸರಿಮಾಡಿ ಕೂಡಿಸಬೇಡಿ. ಮೊದಲು ಒಟ್ಟು ಗುಣಿಸಿ, ಕೊನೆಗೆ ಒಂದೇ ಸಲ ಸರಿಮಾಡಿ. ಪ್ರತಿ ತಿಂಗಳ ಎರಡೂವರೆಯನ್ನು 3 ಅಂತ ಹಿಡಿದರೆ ನಾಲ್ಕು ತಿಂಗಳಿಗೆ 12 ಆಗಿಬಿಡುತ್ತದೆ, ಆಮೇಲೆ ಆಡಿಟ್‌ನವರು ಕೆಂಪು ಗೆರೆ ಎಳೆಯುತ್ತಾರೆ.

ಒಂದನೇ ತಾರೀಖಿನ ಬೆಲೆ

ನೇಮಕಾತಿ ಆದೇಶ ಕೈಯಲ್ಲಿದ್ದು, ಸೇರುವ ದಿನ ಆರಿಸಿಕೊಳ್ಳುವ ಅವಕಾಶ ಇದ್ದರೆ ಈ ಭಾಗ ಗಮನವಿಟ್ಟು ಓದಿ. ಆಗಸ್ಟ್ 1ಕ್ಕೆ ಸೇರಿದವರಿಗೆ ಐದು ಪೂರ್ತಿ ತಿಂಗಳು, 13 ಇ.ಎಲ್. ಆಗಸ್ಟ್ 2ಕ್ಕೆ ಸೇರಿದರೂ 30ಕ್ಕೆ ಸೇರಿದರೂ ಅಷ್ಟೇ, ನಾಲ್ಕು ತಿಂಗಳು, 10 ಇ.ಎಲ್. ಒಂದು ದಿನ ತಡವಾಗಿದ್ದಕ್ಕೆ ಮೂರು ದಿನ ರಜೆ ಹೋಯಿತು.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. 1ನೇ ತಾರೀಖು ಹೋಗಿ ಸೇರಿದರೂ ಮಧ್ಯಾಹ್ನದ ಮೇಲೆ ವರದಿ ಮಾಡಿಕೊಂಡರೆ ಸೇವೆ ಲೆಕ್ಕಕ್ಕೆ ಬರುವುದು ಮಾರನೇ ದಿನದಿಂದ. ಅದಕ್ಕೇ ಜಾಯ್ನಿಂಗ್ ರಿಪೋರ್ಟ್‌ನಲ್ಲಿ "ಪೂರ್ವಾಹ್ನ" ಅಂತ ಬರೆದಿದೆಯಾ ನೋಡಿಕೊಳ್ಳಬೇಕು. ಮೆಡಿಕಲ್ ಸರ್ಟಿಫಿಕೇಟ್, ಅಟೆಸ್ಟೇಷನ್ ಫಾರಂ ಅಂತ ಅಲೆಯುತ್ತಾ ಮಧ್ಯಾಹ್ನ ಮೂರಾಗಿಬಿಡುವುದು ಸಾಮಾನ್ಯ. ಆ ಕಾಗದಗಳನ್ನೆಲ್ಲ ಹಿಂದಿನ ದಿನವೇ ಜೋಡಿಸಿಟ್ಟುಕೊಂಡಿರಿ.

ಕೆಲವು ಸಲ ಏನೂ ಮಾಡಲಾಗುವುದಿಲ್ಲ. 2026ರ ಫೆಬ್ರವರಿ 1 ಭಾನುವಾರ. ಕಚೇರಿಯೇ ಮುಚ್ಚಿರುವಾಗ ಸೋಮವಾರ 2ಕ್ಕೆ ಸೇರಿದವರಿಗೆ ಫೆಬ್ರವರಿ ಪೂರ್ತಿ ತಿಂಗಳಾಗಲಿಲ್ಲ. ಆ ಅರ್ಧ ವರ್ಷಕ್ಕೆ ಅವರಿಗೆ ಸಿಗುವುದು 10.

ಸಿ.ಎಲ್. ಲೆಕ್ಕ ಬೇರೆ

ಸಾಂದರ್ಭಿಕ ರಜೆ ವರ್ಷಕ್ಕೆ 8. ಇದು ಗಳಿಸುವ ರಜೆಯೇ ಅಲ್ಲ, ರಜಾ ಖಾತೆಗೂ ಬರುವುದಿಲ್ಲ. ಡಿಸೆಂಬರ್ 31ಕ್ಕೆ ಉಳಿದದ್ದು ಹೋಯಿತು. ವರ್ಷದ ನಡುವೆ ಸೇರಿದವರಿಗೆ ತಕ್ಕ ಪ್ರಮಾಣದಲ್ಲಿ ಕೊಡುವುದೋ, ಪೂರ್ತಿ 8 ಕೊಡುವುದೋ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಆದ್ದರಿಂದ ಪಕ್ಕದ ಕಚೇರಿಯ ಗೆಳತಿಗೆ 8 ಕೊಟ್ಟರು, ನನಗೆ 3 ಅಂದರು ಅಂತ ಜಗಳಕ್ಕೆ ಹೋಗುವ ಹಾಗಿಲ್ಲ. ಸೇರಿದ ವಾರವೇ ಸೆಕ್ಷನ್‌ನಲ್ಲಿ ಕೇಳಿಕೊಳ್ಳುವುದು ವಾಸಿ.

ಖಾತೆ ಹೇಗೆ ಓಡಿತು

ಈಗ ಹುಡುಗಿಯ ಖಾತೆ ನೋಡೋಣ. ಸೇರಿದಾಗ 10 ಇ.ಎಲ್. ನವೆಂಬರ್‌ನಲ್ಲಿ ಅಕ್ಕನ ಮದುವೆಗೆ ಸೋಮವಾರದಿಂದ ಗುರುವಾರದವರೆಗೆ 4 ದಿನ ಹಾಕಿದಳು. ಉಳಿದದ್ದು 6. ಜನವರಿ 1ಕ್ಕೆ 15 ಸೇರಿತು, ಒಟ್ಟು 21. ಹಿಂದಿನ ಅರ್ಧ ವರ್ಷದ್ದು ಇಂತಿಷ್ಟು ದಿನದೊಳಗೆ ಮುಗಿಸಬೇಕು ಅಂತೇನಿಲ್ಲ, ಅದು ಮುಂದಕ್ಕೆ ಸಾಗುತ್ತದೆ.

ಡಿಸೆಂಬರ್‌ನಲ್ಲಿ ಅವಳಿಗೆ ಟೈಫಾಯ್ಡ್ ಬಂತು. ಐದು ದಿನ ಪೂರ್ತಿ ಸಂಬಳದ ಮೆಡಿಕಲ್ ರಜೆ ಬೇಕು ಅಂದಳು. ಹೀಗೆ ಡಾಕ್ಟರ ಸರ್ಟಿಫಿಕೇಟ್ ಕೊಟ್ಟು ಎಚ್.ಪಿ.ಎಲ್.ಅನ್ನು ಪೂರ್ತಿ ಸಂಬಳದ ರಜೆಯಾಗಿ ಬದಲಿಸಿಕೊಳ್ಳುವುದಕ್ಕೆ ಪರಿವರ್ತಿತ ರಜೆ ಅನ್ನುತ್ತಾರೆ. ಒಂದು ದಿನ ಪಡೆದರೆ ಖಾತೆಯಿಂದ ಎರಡು ದಿನ ಕಳೆಯುತ್ತಾರೆ. ಐದು ದಿನಕ್ಕೆ 10 ಬೇಕು, ಅವಳ ಹತ್ತಿರ ಇದ್ದದ್ದು 7. ಹಾಗಾಗಿ ಮೂರು ದಿನ ಪರಿವರ್ತಿತ ರಜೆ, ಉಳಿದ ಎರಡಕ್ಕೆ ಅವಳು ಸಿ.ಎಲ್. ಕೇಳಿದಳು. ಆದರೆ ಸಿ.ಎಲ್.ಅನ್ನು ಬೇರೆ ರಜೆಯ ಜೊತೆ ಸೇರಿಸುವ ಹಾಗಿಲ್ಲ. ವಿಧಿಯಿಲ್ಲದೆ ಎರಡು ಇ.ಎಲ್. ಹೋಯಿತು, ಮೇಲಿನ 21 ಈಗ 19 ಅಂತ ತಿದ್ದಿಕೊಳ್ಳಿ. ಹೊಸದಾಗಿ ಸೇರಿದವರಿಗೆ ನಿಜವಾಗಿ ಕಮ್ಮಿ ಬೀಳುವುದು ಈ ಎಚ್.ಪಿ.ಎಲ್., ಆದರೆ ಯಾರೂ ಅದನ್ನು ಎಣಿಸುವುದೇ ಇಲ್ಲ.

ಅವಳ ಜೊತೆಗೇ ಸೇರಿದ ಹುಡುಗನೊಬ್ಬ ಫೆಬ್ರವರಿಯಲ್ಲಿ ಪರೀಕ್ಷೆಗೆ ಓದಲು ಸಂಬಳವಿಲ್ಲದ ಅಸಾಧಾರಣ ರಜೆಯನ್ನು ತಾನೇ ಬರೆದುಕೊಟ್ಟು 24 ದಿನ ಪಡೆದ. ಇದರ ಪರಿಣಾಮ ಆಗ ಕಾಣಿಸಲಿಲ್ಲ, ಜುಲೈನಲ್ಲಿ ಕಾಣಿಸಿತು. ಅಸಾಧಾರಣ ರಜೆಯ ಹತ್ತನೇ ಒಂದು ಭಾಗವನ್ನು ಮುಂದಿನ ಅರ್ಧ ವರ್ಷದ ಜಮಾದಿಂದ ಕಡಿಯುತ್ತಾರೆ. 24ರ ಹತ್ತನೇ ಒಂದು ಭಾಗ 2.4. 15ರಲ್ಲಿ ಅದು ಹೋದರೆ 12.6, ಅಂದರೆ 13. ಜುಲೈನಲ್ಲಿ ಅವನಿಗೆ 13 ಬಂದಾಗ ಕ್ಲರ್ಕ್ ತಪ್ಪು ಮಾಡಿದ್ದಾರೆ ಅಂತ ಅವನು ರೇಗಿದ. ಕ್ಲರ್ಕ್ ಸರಿಯಾಗಿಯೇ ಬರೆದಿದ್ದರು.

ಬಿಟ್ಟು ಹೋದರೆ ವಾಪಸ್ ಲೆಕ್ಕ

ಮುಂಗಡ ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳುವುದೂ ಉಂಟು. ಮೊದಲ ವರ್ಷದಲ್ಲೇ ಇನ್ನೊಂದು ಕೆಲಸ ಸಿಕ್ಕಿ ರಾಜೀನಾಮೆ ಕೊಡುವವರು ಈಗ ಬಹಳ. ಹುಡುಗಿ ಏಪ್ರಿಲ್ 20ಕ್ಕೆ ಬಿಟ್ಟು ಹೋಗುತ್ತಾಳೆ ಅಂದುಕೊಳ್ಳಿ. ಆಗ ಜನವರಿಯ 15 ನಿಲ್ಲುವುದಿಲ್ಲ. ಜನವರಿ, ಫೆಬ್ರವರಿ, ಮಾರ್ಚ್ ಮೂರು ಪೂರ್ತಿ ತಿಂಗಳಿಗೆ ಏಳೂವರೆ, ಅಂದರೆ 8. ಏಪ್ರಿಲ್ ಪೂರ್ತಿಯಾಗಲಿಲ್ಲ. ಹಿಂದಿನ ಉಳಿಕೆ 4, ಅದಕ್ಕೆ 8 ಸೇರಿ 12. ಅಷ್ಟರೊಳಗೆ ಅವಳು 16 ದಿನ ಇ.ಎಲ್. ಬಳಸಿದ್ದರೆ ಜಾಸ್ತಿಯಾದ 4 ದಿನದ ರಜಾ ಸಂಬಳವನ್ನು ಕೊನೆಯ ಲೆಕ್ಕದಲ್ಲಿ ಹಿಡಿದುಕೊಳ್ಳುತ್ತಾರೆ.

ಖಾತೆ ಸರಿ ಇದೆಯಾ ಅಂತ ನೋಡುವುದು

ಜನವರಿ ಮೊದಲ ವಾರದಲ್ಲಿ ಸರ್ವಿಸ್ ಬುಕ್‌ನ ರಜಾ ಖಾತೆ ಕೇಳಿ ನೋಡಿ, ಅದು ನಮೂನೆ 2ರಲ್ಲಿ ಇರುತ್ತದೆ. ಹೊಸಬರ ಖಾತೆಯಲ್ಲಿ ಆಗುವ ಸಾಮಾನ್ಯ ತಪ್ಪು ಒಂದೇ: ಸೇರಿದ ಅರ್ಧ ವರ್ಷದ ಸಾಲನ್ನೇ ಬಿಟ್ಟು ನೇರವಾಗಿ ಜನವರಿಯ 15ರಿಂದ ಶುರು ಮಾಡಿರುತ್ತಾರೆ. ಮೊದಲ ಸಾಲಿನಲ್ಲಿ ನೀವು ಸೇರಿದ ತಾರೀಖಿನಿಂದ ಡಿಸೆಂಬರ್ 31 ಅಥವಾ ಜೂನ್ 30ರವರೆಗಿನ ಅವಧಿ, ಪೂರ್ತಿ ತಿಂಗಳುಗಳ ಸಂಖ್ಯೆ, ಜಮಾ ಆದ ದಿನ ಇವು ಇರಬೇಕು. ಇಲ್ಲದಿದ್ದರೆ ಜಾಯ್ನಿಂಗ್ ರಿಪೋರ್ಟ್‌ನ ಪ್ರತಿ ಲಗತ್ತಿಸಿ ಒಂದು ಅರ್ಜಿ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನಮ್ಮ ಹುಡುಗಿಯದ್ದು ಬಿಟ್ಟುಹೋಗಿತ್ತು. ಅರ್ಜಿ ಕೊಟ್ಟ ಮೂರನೇ ವಾರಕ್ಕೆ ಆ 10 ದಿನ ಖಾತೆಗೆ ಬಂತು.