ಆಕಾಶ ಯಾಕೆ ನೀಲಿ: ಒಂದು ಗಾಜಿನ ತೊಟ್ಟಿ, ಒಂದು ಚಮಚ ಹಾಲು ಮತ್ತು ಮಲ್ಪೆಯ ಒಂದು ಸಂಜೆ

ಉಡುಪಿಯ ಒಂದು ಪಿಯು ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ನೀಲಿ ಬೆಳಕಿನ ತರಂಗಾಂತರ ಚಿಕ್ಕದು, ಚಿಕ್ಕ ತರಂಗಾಂತರ ಜಾಸ್ತಿ ಚದುರುತ್ತದೆ, ಚದುರುವಿಕೆ ತರಂಗಾಂತರದ ನಾಲ್ಕನೇ ಘಾತಕ್ಕೆ ವಿಲೋಮ. ಇಷ್ಟನ್ನು ಬೋರ್ಡಿನ ಮೇಲೆ ಬರೆದು ಮುಂದೆ ಹೋಗುವುದು ನನ್ನ ರೂಢಿಯಾಗಿತ್ತು. ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸರ್, ಚಿಕ್ಕದಾದ್ರೆ ಯಾಕೆ ಜಾಸ್ತಿ ಚದುರಬೇಕು? ಅದೂ ನಾಲ್ಕೇ ಯಾಕೆ? ಎರಡೋ ಮೂರೋ ಯಾಕಲ್ಲ?"

ಅವಳ ಪ್ರಶ್ನೆ ಸರಿಯಾಗಿತ್ತು. ನಾನು ಹೇಳುತ್ತಿದ್ದದ್ದು ನಿಯಮ ಮಾತ್ರ, ಕಾರಣ ಅಲ್ಲ. ಮನೆಗೆ ಬಂದು ಮೊದಲಿನಿಂದ ಯೋಚಿಸಿದೆ.

ಗಾಳಿಯಲ್ಲಿರುವ ಒಂದು ನೈಟ್ರೋಜನ್ ಅಣುವನ್ನು ತೆಗೆದುಕೊಳ್ಳಿ. ಅದರ ಗಾತ್ರ ಸುಮಾರು 0.3 ನ್ಯಾನೋಮೀಟರ್. ಹಸಿರು ಬೆಳಕಿನ ಒಂದು ಅಲೆಯ ಉದ್ದ 500 ನ್ಯಾನೋಮೀಟರಿನ ಆಸುಪಾಸು. ಅಣುವಿಗಿಂತ ಸಾವಿರ ಪಟ್ಟಿಗೂ ಜಾಸ್ತಿ. ಹಾಗಾಗಿ ಅಲೆ ಹಾದುಹೋಗುವಾಗ ಅಣುವಿನ ಈ ತುದಿಗೂ ಆ ತುದಿಗೂ ವಿದ್ಯುತ್ ಕ್ಷೇತ್ರದಲ್ಲಿ ವ್ಯತ್ಯಾಸವೇ ಇರುವುದಿಲ್ಲ. ಇಡೀ ಅಣುವಿಗೆ ಒಂದೇ ಎಳೆತ. ಎಲೆಕ್ಟ್ರಾನುಗಳ ಮೋಡ ಒಂದು ಕಡೆಗೆ ವಾಲುತ್ತದೆ, ನ್ಯೂಕ್ಲಿಯಸ್‌ಗಳು ಇದ್ದಲ್ಲೇ ಇರುತ್ತವೆ. ಒಂದು ಕಡೆ ಸ್ವಲ್ಪ ಋಣ, ಇನ್ನೊಂದು ಕಡೆ ಸ್ವಲ್ಪ ಧನ. ಇದೇ ದ್ವಿಧ್ರುವ. ಬೆಳಕು ಬರುವ ಮೊದಲು ಇದು ಇರಲಿಲ್ಲ, ಬೆಳಕೇ ಇದನ್ನು ಹುಟ್ಟಿಸಿತು. ಕ್ಷೇತ್ರ ದಿಕ್ಕು ಬದಲಿಸಿದ ಹಾಗೆ ಮೋಡವೂ ಆಚೆ ಈಚೆ ತೂಗುತ್ತದೆ.

ಎಷ್ಟು ತೂಗುತ್ತದೆ ಅಂತ ಲೆಕ್ಕ ಹಾಕಿದೆ. ನಡು ಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್. ಅದರ ವಿದ್ಯುತ್ ಕ್ಷೇತ್ರ ಮೀಟರಿಗೆ ಹೆಚ್ಚೂಕಡಿಮೆ 870 ವೋಲ್ಟ್. ಅಷ್ಟು ಎಳೆತಕ್ಕೆ ಹುಟ್ಟುವ ದ್ವಿಧ್ರುವವನ್ನು ಒಂದೇ ಎಲೆಕ್ಟ್ರಾನಿನ ಲೆಕ್ಕದಲ್ಲಿ ನೋಡಿದರೂ, ಅದು ಸರಿಯುವ ದೂರ ಪ್ರೋಟಾನಿನ ಅಗಲದ ಸಾವಿರದ ಒಂದು ಪಾಲಿನಷ್ಟು. ನಮ್ಮ ತಲೆಯ ಮೇಲಿನ ಇಡೀ ನೀಲಿ ಇಷ್ಟು ಸಣ್ಣ ಅಲುಗಾಟದಿಂದ ಬರುತ್ತದೆ.

ಈಗ ಆ ನಾಲ್ಕು. ಎಲೆಕ್ಟ್ರಾನುಗಳು ಬಿಗಿಯಾದ ಸ್ಪ್ರಿಂಗಿಗೆ ಕಟ್ಟಿದ ಹಾಗೆ ಇರುತ್ತವೆ. ಅವುಗಳ ಸ್ವಂತ ಕಂಪನ ದೂರದ ನೇರಳಾತೀತದಲ್ಲಿ, ಸುಮಾರು 100 ನ್ಯಾನೋಮೀಟರಿನ ಹತ್ತಿರ. ಕಣ್ಣಿಗೆ ಕಾಣುವ ಬೆಳಕು ಅದಕ್ಕಿಂತ ತುಂಬ ನಿಧಾನ. ಬಿಗಿ ಸ್ಪ್ರಿಂಗನ್ನು ನಿಧಾನವಾಗಿ ಎಳೆದು ಬಿಟ್ಟು ಮಾಡಿದರೆ ಅದು ಎಷ್ಟು ಹಿಗ್ಗುತ್ತದೆ ಎನ್ನುವುದು ಎಳೆತದ ಬಲಕ್ಕೆ ಮಾತ್ರ ಸಂಬಂಧಿಸಿದ್ದು, ಎಷ್ಟು ಬೇಗ ಎಳೆದಿರಿ ಎನ್ನುವುದಕ್ಕೆ ಅಲ್ಲ. ಹಾಗಾಗಿ ಅಷ್ಟೇ ಬಲದ ಕೆಂಪು ಬೆಳಕೂ ನೀಲಿ ಬೆಳಕೂ ಮೋಡವನ್ನು ಅಷ್ಟೇ ದೂರ ಅಲುಗಿಸುತ್ತವೆ. ಆದರೆ ನೀಲಿಯ ಅಲೆ ಚಿಕ್ಕದಾದ್ದರಿಂದ ಅದು ಬೇಗ ಬೇಗ ಅಲುಗಿಸುತ್ತದೆ.

ಚಾರ್ಜು ಸುಮ್ನೆ ಒಂದೇ ವೇಗದಲ್ಲಿ ಹೋದರೆ ಬೆಳಕು ಹೊಮ್ಮುವುದಿಲ್ಲ. ಅದರ ವೇಗ ಬದಲಾಗಬೇಕು, ಅಂದರೆ ವೇಗೋತ್ಕರ್ಷ ಬೇಕು. ಅದೇ ದೂರವನ್ನು ಎರಡು ಪಟ್ಟು ಬೇಗ ತೂಗಿದರೆ ವೇಗೋತ್ಕರ್ಷ ನಾಲ್ಕು ಪಟ್ಟು. ಹೊಮ್ಮುವ ಅಲೆಯ ಎತ್ತರವೂ ನಾಲ್ಕು ಪಟ್ಟು. ಬೆಳಕಿನ ತೀವ್ರತೆ ಎತ್ತರದ ವರ್ಗವಾದ್ದರಿಂದ ಹದಿನಾರು ಪಟ್ಟು. ವರ್ಗದ ವರ್ಗ, ಅಂದರೆ ನಾಲ್ಕನೇ ಘಾತ. 450 ನ್ಯಾನೋಮೀಟರಿನ ನೀಲಿಯನ್ನು 650ರ ಕೆಂಪಿನ ಜೊತೆ ಹೋಲಿಸಿದರೆ (650/450)⁴, ಸುಮಾರು 4.35 ಪಟ್ಟು. ಬ್ರಿಟಿಷ್ ಭೌತವಿಜ್ಞಾನಿ ರೇಲಿ 1871ರಲ್ಲಿ ಈ ನಾಲ್ಕನೇ ಘಾತವನ್ನು ಕಂಡುಕೊಂಡರು. 1899ರಲ್ಲಿ, ಇದಕ್ಕೆ ಧೂಳು ಬೇಕಾಗಿಲ್ಲ, ಗಾಳಿಯ ಅಣುಗಳೇ ಸಾಕು ಅಂತ ತೋರಿಸಿದರು.

ಮರುದಿನ ಇದನ್ನು ಹೇಳಿದೆ. ಹುಡುಗಿ ಒಪ್ಪಿದಳು, ಆದರೆ ಪೂರ್ತಿ ಅಲ್ಲ. "ಅಣು ತೂಗ್ತದೆ ಅಂತ ನಮಗೆ ಹೇಗೆ ಗೊತ್ತು ಸರ್?"

ಅದಕ್ಕೆ ಪ್ರಯೋಗವೇ ಬೇಕಿತ್ತು. ತೂಗುವ ದ್ವಿಧ್ರುವಕ್ಕೆ ಒಂದು ಗುರುತಿದೆ. ತಾನು ತೂಗುವ ದಿಕ್ಕಿಗೆ ಅದು ಬೆಳಕು ಕಳಿಸುವುದಿಲ್ಲ. ಅಡ್ಡಕ್ಕೆ ನಿಂತವರಿಗೆ ಪೂರ್ತಿ ಬೆಳಕು, ತುದಿಯ ಕಡೆಯಿಂದ ನೋಡಿದವರಿಗೆ ಏನೂ ಇಲ್ಲ. ಇದನ್ನು ಕಣ್ಣಿಗೆ ಕಾಣಿಸಬೇಕು ಅಂತ ಹೊರಟೆ.

20 ಲೀಟರ್ ಹಿಡಿಯುವ ಮೀನು ಸಾಕುವ ಗಾಜಿನ ತೊಟ್ಟಿ ತಂದೆ. ನೀರು ತುಂಬಿಸಿ, ಅಡುಗೆಮನೆಯ ಪ್ಯಾಕೆಟ್ ಹಾಲು ಹಾಕಿ, ಒಂದು ಬದಿಯಿಂದ ಟಾರ್ಚ್ ಬಿಟ್ಟೆ. ಬೆಳಕಿನ ಕೋಲು ಕಂಡಿತು, ಆದರೆ ನೀಲಿ ಇಲ್ಲ. ಬರೀ ಮಸುಕು ಬಿಳಿ. ಇನ್ನಷ್ಟು ಹಾಲು ಹಾಕಿದೆ, ಇನ್ನಷ್ಟು ಕೆಟ್ಟಿತು. ಎರಡು ಸಂಜೆ ಹೀಗೇ ಹೋಯಿತು.

ತಪ್ಪು ಕೊಬ್ಬಿನಲ್ಲಿತ್ತು. ಹಾಲಿನ ಕೊಬ್ಬಿನ ಹನಿಗಳು ಬೆಳಕಿನ ಅಲೆಯಷ್ಟೇ, ಕೆಲವು ಅದಕ್ಕಿಂತ ದೊಡ್ಡವು. ಅಷ್ಟು ದೊಡ್ಡ ಹನಿ ಒಂದೇ ದ್ವಿಧ್ರುವದ ಹಾಗೆ ತೂಗುವುದಿಲ್ಲ. ಅದರ ಒಂದು ಭಾಗ ಆಚೆ ಹೋಗುವಾಗ ಇನ್ನೊಂದು ಈಚೆ ಬರುತ್ತಿರುತ್ತದೆ. ನಾಲ್ಕನೇ ಘಾತ ಅಲ್ಲಿ ಕೆಲಸ ಮಾಡುವುದಿಲ್ಲ, ಎಲ್ಲ ಬಣ್ಣವೂ ಹೆಚ್ಚು ಕಡಿಮೆ ಸಮ ಚದುರುತ್ತವೆ. ಮಳೆಮೋಡದ ಅಂಚು ಬಿಳಿ ಕಾಣುವುದೂ ಇದೇ ಕಾರಣಕ್ಕೆ. ಪ್ಯಾಕೆಟ್ ಹಾಲಿನ ಕೊಬ್ಬನ್ನು ಒಡೆದು ಬೆರೆಸಿರುವುದರಿಂದ ಕೆನೆ ತೆಗೆದರೂ ಅದು ಪೂರ್ತಿ ಹೋಗುವುದಿಲ್ಲ. ಅಂಗಡಿಯಿಂದ ಕೊಬ್ಬು ತೆಗೆದ ಹಾಲಿನ ಪುಡಿ ತಂದು ಕದಡಿದೆ. ಅದರಲ್ಲಿ ಉಳಿಯುವ ಪ್ರೋಟೀನ್ ಉಂಡೆಗಳು ಸುಮಾರು 100ರಿಂದ 200 ನ್ಯಾನೋಮೀಟರ್. ಗಾಳಿಯ ಅಣುವಿನ ಮುಂದೆ ಇವು ದೈತ್ಯರೇ, ಆದರೂ ಈ ಪ್ರಯೋಗಕ್ಕೆ ಸಾಕಷ್ಟು ಚಿಕ್ಕವು. ಕಾಲು ಚಮಚದಿಂದ ಶುರು ಮಾಡಿ, ಒಂದು ಚಮಚ ಆಗುವಷ್ಟರಲ್ಲಿ ಕತ್ತಲೆ ಕೋಣೆಯಲ್ಲಿ ತೊಟ್ಟಿಯೊಳಗೆ ತಿಳಿ ನೀಲಿ ಕೋಲು ಮೂಡಿತು.

ಆಮೇಲೆ ಟಾರ್ಚಿನ ಮುಂದೆ ಪೋಲರಾಯ್ಡ್ ಹಾಳೆ ಹಿಡಿದೆ. ಅದು ಬೆಳಕಿನ ಕಂಪನವನ್ನು ಒಂದೇ ದಿಕ್ಕಿಗೆ ಸೀಮಿತ ಮಾಡುತ್ತದೆ. ಆ ದಿಕ್ಕು, ಅಂದರೆ ಹಾಳೆಯ ಅಕ್ಷ, ಯಾವ ಕಡೆಗೆ ಅಂತ ತಿಳಿಯಲು ನಮ್ಮ ಮನೆಯ ಕೆಂಪು ಕಾವಿ ನೆಲ ಸಾಕಾಯಿತು. ಕಿಟಕಿಯ ಬೆಳಕು ನೆಲದ ಮೇಲೆ ಓರೆಯಾಗಿ ಮಿನುಗುವ ಕಡೆ ಹಾಳೆಯ ಮೂಲಕ ನೋಡುತ್ತಾ ತಿರುಗಿಸಿ. ಆ ಮಿನುಗಿನ ಬೆಳಕು ಹೆಚ್ಚಾಗಿ ಅಡ್ಡಕ್ಕೇ ಕಂಪಿಸುತ್ತದೆ, ಹಾಗಾಗಿ ಮಿನುಗು ಮಾಯವಾಗಿ ನೆಲದ ಕೆಂಪು ಎದ್ದು ಕಂಡರೆ ಹಾಳೆಯ ಅಕ್ಷ ನೆಟ್ಟಗೆ ಇದೆ ಅಂತ ಅರ್ಥ. ಅಲ್ಲೇ ಪೆನ್ನಿನಿಂದ ಗೆರೆ ಎಳೆದುಕೊಂಡೆ.

ತರಗತಿಯಲ್ಲಿ ಇಬ್ಬರನ್ನು ನಿಲ್ಲಿಸಿದೆ. ಒಬ್ಬ ಹುಡುಗ ಸ್ಟೂಲಿನ ಮೇಲೆ ನಿಂತು ತೊಟ್ಟಿಯೊಳಗೆ ಮೇಲಿನಿಂದ ಬಗ್ಗಿ ನೋಡಬೇಕು. ಆ ಹುಡುಗಿ ಬದಿಯ ಗಾಜಿನ ಎದುರು ಕೂತು ನೋಡಬೇಕು. ಗೆರೆ ನೆಟ್ಟಗೆ ಇರುವಂತೆ ಹಾಳೆ ಹಿಡಿದೆ. "ಸರ್, ಟಾರ್ಚ್ ಆಫ್ ಆಯ್ತಾ?" ಅಂದ ಹುಡುಗ. "ಇಲ್ಲ ಮಾರಾಯ, ನನಗೆ ಚೆನ್ನಾಗಿ ಕಾಣ್ತಾ ಉಂಟು" ಅಂದಳು ಹುಡುಗಿ. ಹಾಳೆಯನ್ನು ಕಾಲು ಸುತ್ತು ತಿರುಗಿಸಿದೆ. ಈಗ ಹುಡುಗನಿಗೆ ಕೋಲು ಬೆಳಗಿತು, ಹುಡುಗಿಗೆ ಕಪ್ಪಾಯಿತು. ಅದೇ ನೀರು, ಅದೇ ಟಾರ್ಚ್, ಒಂದೇ ಕ್ಷಣ. ಮೊದಲ ಸಲ ಕಣಗಳು ಮೇಲೆ ಕೆಳಗೆ ತೂಗುತ್ತಿದ್ದವು, ಮೇಲಿನಿಂದ ನೋಡಿದವನಿಗೆ ತುದಿ ಮಾತ್ರ ಕಂಡಿತು. ಎರಡನೇ ಸಲ ಅವು ಹುಡುಗಿಯ ಕಡೆಗೇ ಆಚೆ ಈಚೆ ತೂಗಿದವು.

ಹಾಲು ಜಾಸ್ತಿಯಾಯಿತೋ ಅಂತ ತಿಳಿಯುವುದಕ್ಕೂ ಇದೇ ಪರೀಕ್ಷೆ. ಹಾಳೆ ತಿರುಗಿಸಿದರೂ ಕೋಲು ಕಪ್ಪಾಗದಿದ್ದರೆ, ಬೆಳಕು ಒಂದು ಕಣದಿಂದ ಇನ್ನೊಂದಕ್ಕೆ ಹಾರಿ ಹಲವು ಸಲ ಚದುರಿ ದಿಕ್ಕು ಕಳೆದುಕೊಂಡಿದೆ. ನೀರು ಚೆಲ್ಲಿ ಮತ್ತೆ ಶುರು ಮಾಡಬೇಕು.

ತೊಟ್ಟಿಯಲ್ಲಿ ಕಂಡದ್ದು ಆಕಾಶದಲ್ಲೂ ಕಾಣಬೇಕು ಅಲ್ವಾ? ಮಳೆಗಾಲ ಮುಗಿದು ಗಾಳಿ ತೊಳೆದಿಟ್ಟ ಹಾಗಿದ್ದ ಅಕ್ಟೋಬರಿನ ಒಂದು ಸಂಜೆ ಮಕ್ಕಳನ್ನು ಮಲ್ಪೆ ಕಡಲತೀರಕ್ಕೆ ಕರೆದುಕೊಂಡು ಹೋದೆ. ಹುಡುಗನೊಬ್ಬ ತ್ರೀಡಿ ಸಿನಿಮಾದ ಕನ್ನಡಕ ತಂದಿದ್ದ. ಹಾಕಿಕೊಂಡು ತಲೆ ಎಷ್ಟು ವಾಲಿಸಿದರೂ ಆಕಾಶ ಬದಲಾಗಲಿಲ್ಲ. ಈಗಿನ ಅಂಥ ಕನ್ನಡಕಗಳಲ್ಲಿ ಹೆಚ್ಚಿನವು ಸುತ್ತುವ ಕಂಪನವನ್ನು ಬೇರ್ಪಡಿಸುವಂಥವು, ಅವುಗಳ ಮುಂಭಾಗದಲ್ಲಿ ಇನ್ನೊಂದು ಪದರ ಇರುತ್ತದೆ. ಕನ್ನಡಕವನ್ನು ತಿರುವಿ, ಕಣ್ಣಿನ ಕಡೆಯ ಮುಖ ಆಕಾಶಕ್ಕೆ ಬರುವಂತೆ ಹಿಡಿಸಿದೆ. ಆಗ ಕೆಲಸ ಮಾಡಿತು.

ಸೂರ್ಯ ಪಡುವಣದ ಕಡಲಿಗೆ ಇಳಿಯುತ್ತಿದ್ದ. ಅವನ ಬೆಳಕು ನಮ್ಮ ತಲೆಯ ಮೇಲೆ ಪಡುವಣದಿಂದ ಮೂಡಣಕ್ಕೆ ಅಡ್ಡಲಾಗಿ ಹೋಗುತ್ತದೆ. ಅಲ್ಲಿನ ಅಣುಗಳು ಆ ದಾರಿಗೆ ಅಡ್ಡವಾಗಿ ಮಾತ್ರ ತೂಗಬಹುದು: ಮೇಲೆ ಕೆಳಗೆ, ಇಲ್ಲವೇ ತೆಂಕು ಬಡಗು. ಕೆಳಗೆ ನಿಂತ ನಮಗೆ ಮೇಲೆ ಕೆಳಗೆ ತೂಗುವುದರ ತುದಿ ಮಾತ್ರ ಎದುರು, ಆ ಬೆಳಕು ನಮಗೆ ಬರುವುದಿಲ್ಲ. ಉಳಿಯುವುದು ತೆಂಕು ಬಡಗಿನದು. ಹಾಳೆಯ ಗೆರೆಯನ್ನು ತೆಂಕು ಬಡಗಾಗಿ ಹಿಡಿದರೆ ನೆತ್ತಿಯ ಆಕಾಶ ಬೆಳಗಿತು, ಪಡುವಣ ಮೂಡಣವಾಗಿ ಹಿಡಿದರೆ ಗಾಢ ನೀಲಿಗೆ ಇಳಿಯಿತು. ಸೂರ್ಯನ ಹತ್ತಿರದ ಆಕಾಶವಾಗಲಿ ಅವನ ಎದುರು ದಿಕ್ಕಿನದಾಗಲಿ ಹೀಗೆ ಬದಲಾಗಲಿಲ್ಲ. ಬದಲಾವಣೆ ಜಾಸ್ತಿ ಕಾಣುವುದು ಸೂರ್ಯನಿಂದ 90 ಡಿಗ್ರಿ ದೂರದ ಪಟ್ಟಿಯಲ್ಲೇ. ಆದರೆ ಅಲ್ಲೂ ಪೂರ್ತಿ ಕಪ್ಪಾಗುವುದಿಲ್ಲ. ನೈಟ್ರೋಜನ್ ಅಣು ಗುಂಡಗಿಲ್ಲ, ಸ್ವಲ್ಪ ಉದ್ದ, ಹಾಗಾಗಿ ಎಳೆದ ದಿಕ್ಕಿಗೇ ಕರಾರುವಾಕ್ಕಾಗಿ ತೂಗುವುದಿಲ್ಲ. ಅದಕ್ಕಿಂತ ಜಾಸ್ತಿ, ಎರಡು ಮೂರು ಸಲ ಚದುರಿದ ಬೆಳಕೂ ಕಲೆತಿರುತ್ತದೆ.

ವಾಪಸು ಬರುವಾಗ ಬಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಬಂತು. ನೇರಳೆ ಇನ್ನೂ ಚಿಕ್ಕದಲ್ವಾ, ಆಕಾಶ ಯಾಕೆ ನೇರಳೆ ಅಲ್ಲ? ಬಿಸಿಲಿನಲ್ಲೇ ನೇರಳೆ ಕಡಿಮೆ, ನಮ್ಮ ಕಣ್ಣಿಗೂ ಅದು ಮಂದ. ಮತ್ತೆ ಆಕಾಶದಿಂದ ಬರುವುದು ಒಂದೇ ಬಣ್ಣವಲ್ಲ, ನೀಲಿಯ ಕಡೆಗೆ ವಾಲಿದ ಬಿಳಿ. ಆ ಮಿಶ್ರಣವನ್ನು ಕಣ್ಣು ತಿಳಿ ನೀಲಿ ಅಂತ ಓದುತ್ತದೆ.

ಅಣುಗಳು ಎಷ್ಟು ದುರ್ಬಲವಾಗಿ ಚದುರಿಸುತ್ತವೆ ಎನ್ನುವುದಕ್ಕೆ ಒಂದು ಲೆಕ್ಕ. ನೆಲಮಟ್ಟದ ಶುದ್ಧ ಗಾಳಿಯಲ್ಲಿ ನೀಲಿ ಬೆಳಕು ಸರಾಸರಿ 40 ಕಿಲೋಮೀಟರ್ ಹೋದ ಮೇಲೆ ಒಮ್ಮೆ ಚದುರುತ್ತದೆ, ಕೆಂಪು ಸುಮಾರು 170 ಕಿಲೋಮೀಟರ್ ಹೋಗುತ್ತದೆ. ಇಡೀ ವಾತಾವರಣವನ್ನು ನೆಲಮಟ್ಟದ ಗಾಳಿಯಷ್ಟು ಒತ್ತಿದರೆ ಅದರ ದಪ್ಪ 8 ಕಿಲೋಮೀಟರಿನಷ್ಟು. ಹಾಗಾಗಿ ನೆತ್ತಿಯ ಸೂರ್ಯನಿಂದ ಬರುವ ನೀಲಿಯಲ್ಲಿ ಐದನೇ ಒಂದು ಪಾಲು ಚದುರುತ್ತದೆ, ಕೆಂಪಿನಲ್ಲಿ ನೂರಕ್ಕೆ ಐದರಷ್ಟು ಮಾತ್ರ.

ಮುಂದಿನ ಮಾರ್ಚಿನಲ್ಲಿ ಅದೇ ಜಾಗದಲ್ಲಿ ಅದೇ ಹಾಳೆ ಹಿಡಿದು ನೋಡಿದೆವು. ಆಕಾಶ ಬಿಳಿಚಿತ್ತು. ಸೆಕೆ, ತೇವ, ಕಡಲಿನ ಉಪ್ಪಿನ ಕಣ, ಹೊಗೆ. ಹಾಳೆ ತಿರುಗಿಸಿದರೆ ನೆತ್ತಿಯಲ್ಲಿ ಬದಲಾವಣೆ ಕಂಡಿತು, ಆದರೆ ಅಕ್ಟೋಬರಿನಷ್ಟಲ್ಲ. ಆಕಾಶದ ಅಂಚಿನ ಕಡೆಗೆ ಬಂದ ಹಾಗೆ ಏನೂ ಉಳಿಯಲಿಲ್ಲ. "ಕೊಬ್ಬಿನ ಹಾಲು ಹಾಕಿದ ತೊಟ್ಟಿಯ ಹಾಗೆ ಆಗಿದೆ ಸರ್" ಅಂದಳು ಹುಡುಗಿ.